ಕೆಟ್ಟದ್ದು ಅಕ್ಷರವಲ್ಲ, ಓದುವ ಕ್ರಮ

ವಿದ್ಯಾರ್ಥಿಗಳ ಅಭಿಪ್ರಾಯಗಳನ್ನು ಗೂಗಲ್ ಶೀಟ್ಸ್‌ನಲ್ಲಿ ಸಂಗ್ರಹಿಸಿ, ಸಿಎಸ್‌ವಿ ಕಡತವಾಗಿ ಇಳಿಸಿಕೊಂಡು ಎಕ್ಸೆಲ್‌ನಲ್ಲಿ ತೆರೆದಾಗ, 😀 ಇದ್ದ ಕಡೆ `😀` ಎಂಬ ಗುರುತುಗಳು ಕಾಣಿಸುವುದುಂಟು. ಕಂಡವರು ಎಮೋಜಿಯನ್ನೇ ದೂರಿ, ಅದನ್ನು ಅಳಿಸಲು ತೊಡಗುತ್ತಾರೆ. ಆದರೆ ದೋಷವಿರುವುದು ಎಮೋಜಿಯಲ್ಲೂ ಅಲ್ಲ, ಕಡತದಲ್ಲೂ ಅಲ್ಲ. ಅದನ್ನು ಓದಿದ ಕ್ರಮದಲ್ಲಿ.

ಸಿಎಸ್‌ವಿ ಎಂಬುದು ಅಲ್ಪವಿರಾಮಗಳಿಂದ ಬೇರ್ಪಡಿಸಿದ ಬರಿಯ ಪಠ್ಯ. ತಾನು ಯಾವ ಸಂಕೇತಕ್ರಮದಲ್ಲಿ ಬರೆಯಲ್ಪಟ್ಟಿದ್ದೇನೆಂಬುದನ್ನು ಅದು ಹೇಳಲೇಬೇಕೆಂದಿಲ್ಲ. ಯುಟಿಎಫ್-8 ಕ್ರಮದಲ್ಲಿ 😀 ಎಂಬುದು `F0 9F 98 80` ಎಂಬ ನಾಲ್ಕು ಬೈಟುಗಳು. ಕಡತದ ಆರಂಭದಲ್ಲಿ `EF BB BF` ಎಂಬ ಸೂಚಕ ಬೈಟುಗಳು ಇಲ್ಲದಿದ್ದರೆ, ಎಕ್ಸೆಲ್ ಸಾಮಾನ್ಯವಾಗಿ ವಿಂಡೋಸ್‌ನ ಹಳೆಯ ಸಂಕೇತಪಟ್ಟಿಯನ್ನು, ಹೆಚ್ಚಾಗಿ ವಿಂಡೋಸ್-1252 ಅನ್ನು, ಆಶ್ರಯಿಸುತ್ತದೆ. ಆ ಪಟ್ಟಿಯಲ್ಲಿ ಒಂದು ಬೈಟಿಗೆ ಒಂದೇ ಅಕ್ಷರ. ಆದ್ದರಿಂದ ನಾಲ್ಕು ಬೈಟುಗಳು ಕ್ರಮವಾಗಿ `ð`, `Ÿ`, `˜`, `€` ಆಗಿ, ಒಂದು ನಗುಮುಖ ನಾಲ್ಕು ಚೂರಾಗುತ್ತದೆ. ನಮ್ಮ ‘ಕ’ಕಾರದ ಗತಿಯೂ ಇದೇ: ಅದರ ಮೂರು ಬೈಟುಗಳು `ಕ` ಎಂದು ತೋರುತ್ತವೆ.

ಇಲ್ಲಿ ಒಂದು ಭೇದವನ್ನು ಅರಿಯಬೇಕು. `😀` ಕಂಡರೆ ಗಾಬರಿಪಡಬೇಕಾಗಿಲ್ಲ; ಮೂಲ ಬೈಟುಗಳು ಕಡತದಲ್ಲಿ ಹಾಗೆಯೇ ಇವೆ. ಉಳಿಸದೆ ಮುಚ್ಚಿ, ಎಕ್ಸೆಲ್‌ನ `Data` ವಿಭಾಗದ `From Text/CSV` ಮೂಲಕ ಅದೇ ಕಡತವನ್ನು ಆರಿಸಿ, `File Origin` ಎಂಬಲ್ಲಿ `65001: Unicode (UTF-8)` ಎಂದು ಸೂಚಿಸಿದರೆ ನಗುಮುಖ ಮರಳಿ ಬರುತ್ತದೆ. ಆದರೆ ಅಕ್ಷರದ ಬದಲು `?` ಕಂಡರೆ ಸಂಗತಿ ಬೇರೆ. ಎಕ್ಸೆಲ್‌ನಲ್ಲಿ `CSV (Comma delimited)` ಎಂಬ ಬಗೆಯಲ್ಲಿ ಉಳಿಸಿದಾಗ, ಹಳೆಯ ಪಟ್ಟಿಯಲ್ಲಿ ಸ್ಥಾನವಿಲ್ಲದ ಅಕ್ಷರಗಳ ಜಾಗಕ್ಕೆ ಪ್ರಶ್ನಾರ್ಥಕ ಚಿಹ್ನೆಯೇ ಬರೆಯಲ್ಪಡುತ್ತದೆ. ಆ ಕಡತದಿಂದ ಮೂಲವನ್ನು ಮರಳಿ ಪಡೆಯಲಾಗದು. ಅದಕ್ಕಾಗಿ `CSV UTF-8 (Comma delimited)` ಎಂಬ ಬಗೆಯನ್ನೇ ಆರಿಸಬೇಕು. ಅದು ಆರಂಭದ ಸೂಚಕವನ್ನೂ ಬರೆಯುತ್ತದೆ.

“ಎಮೋಜಿ ಬೇಡ, ಹೆಸರನ್ನು ಇಂಗ್ಲಿಷಿನಲ್ಲೇ ಬರೆಯಿರಿ” ಎಂಬ ಪರಿಹಾರವನ್ನು ನಾನು ಒಪ್ಪಲಾರೆ. ಉತ್ತರವಾಗಿ ಒಂದು ನಗುಮುಖವನ್ನಷ್ಟೇ ಹಾಕಿದ ವಿದ್ಯಾರ್ಥಿಗೆ ಅದೇ ಪೂರ್ಣ ಉತ್ತರ. ಅದನ್ನು ಅಳಿಸಿದರೆ ಅಭಿಪ್ರಾಯವೇ ಅಳಿಯುತ್ತದೆ. ಅದೇ ಪೊರಕೆ ಮುಂದೆ ಕನ್ನಡದ ಹೆಸರುಗಳನ್ನೂ ಗುಡಿಸೀತು. ಗಡಿಯಾಚೆಯ ನಮ್ಮ ವಿಭಾಗಗಳಲ್ಲಿ ವಿದ್ಯಾರ್ಥಿಯ ಹೆಸರು ಕನ್ನಡದಲ್ಲಿ ದಾಖಲಾಗುವ ಕಡೆಗಳೇ ವಿರಳ. ಕಡತವನ್ನು ಉಳಿಸುವಾಗ ಬೇರೊಂದು ಆಯ್ಕೆಯನ್ನು ಒತ್ತುವ ಶ್ರಮಕ್ಕೆ ಅಂಜಿ, ಅದನ್ನೂ ಬಿಟ್ಟುಕೊಡುವುದು ಸಲ್ಲದು.