“ಬ್ರಿಟಿಷರ ಮ್ಯಾಪ್‌ನಲ್ಲೇ ಇದೆ” ಎನ್ನುವ ಫಾರ್ವರ್ಡ್: ಹಳೆಯ ನಕ್ಷೆಯನ್ನು ಎಷ್ಟು ನಂಬಬಹುದು?

“ಹಳೆಯ ಮ್ಯಾಪ್‌ನಲ್ಲಿ ಕೆರೆ ಇಷ್ಟು ದೊಡ್ಡದಿತ್ತು, ಈಗ ನೋಡಿ, ನುಂಗಿಬಿಟ್ಟಿದ್ದಾರೆ.” “ಬ್ರಿಟಿಷರ ನಕ್ಷೆಯಲ್ಲಿ ಈ ಕೇರಿಯೇ ಇಲ್ಲ, ಅಂದಮೇಲೆ ಇವರೆಲ್ಲ ಆಮೇಲೆ ಬಂದವರು.” ಇಂಥ ಮೆಸೇಜ್‌ಗಳ ಜೊತೆ ಹಳದಿ ಬಣ್ಣಕ್ಕೆ ತಿರುಗಿದ ಒಂದು ನಕ್ಷೆಯ ಫೋಟೊ ಇರುತ್ತದೆ. ಕಾಗದ ಹಳೆಯದು ಎಂಬ ಕಾರಣಕ್ಕೇ ನಾವು ಅದನ್ನು ನಂಬಿಬಿಡುತ್ತೇವೆ. ನಕ್ಷೆ ಅಸಲಿಯೇ ಇರಬಹುದು. ಆದರೆ ಅದು ಏನನ್ನು ಹೇಳಲು ಬರೆದದ್ದು, ಏನನ್ನು ಹೇಳುವುದೇ ಇಲ್ಲ ಎಂಬುದು ಬೇರೆ ಪ್ರಶ್ನೆ. ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲೂಕುಗಳನ್ನೇ ಇಟ್ಟುಕೊಂಡು ನೋಡೋಣ.

ಯಾರಿಗಾಗಿ ಬರೆದ ನಕ್ಷೆ?

ಈ ಭಾಗದ ಹಳೆಯ ನಕ್ಷೆಗಳಲ್ಲಿ ಮುಖ್ಯವಾಗಿ ಮೂರು ಬಗೆ. ಮೊದಲನೆಯದು ಸೈನ್ಯದ ಕಣ್ಣಿನದು. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಕಾಲಿನ್ ಮೆಕೆಂಜಿ ನೇತೃತ್ವದಲ್ಲಿ ಮೈಸೂರು ಸೀಮೆಯ ಸರ್ವೆ ನಡೆಯಿತು. ಹೊಸದಾಗಿ ಕೈಗೆ ಬಂದ ಸೀಮೆಯಲ್ಲಿ ಕೋಟೆ ಎಲ್ಲಿದೆ, ದಾರಿ ಎಲ್ಲಿ ಹೋಗುತ್ತದೆ, ನೀರು ಎಲ್ಲಿ ಸಿಗುತ್ತದೆ ಎಂಬುದು ಕಂಪನಿಗೆ ಬೇಕಿತ್ತು. ಹಾಗಾಗಿ ಇಂಥ ನಕ್ಷೆಯಲ್ಲಿ ಮಧುಗಿರಿಯಂಥ ಬೆಟ್ಟದ ಕೋಟೆ ಎದ್ದು ಕಂಡು, ಪಕ್ಕದ ಹಳ್ಳಿ ಒಂದು ಚುಕ್ಕೆಯಾಗಿ ಉಳಿದರೆ ಆಶ್ಚರ್ಯವಿಲ್ಲ. ಚುಕ್ಕೆ ಚಿಕ್ಕದು ಎಂದರೆ ಊರು ಚಿಕ್ಕದಿತ್ತು ಎಂದಲ್ಲ.

ಎರಡನೆಯದು ಕಂದಾಯದ ಕಣ್ಣಿನದು. ಮೈಸೂರು ಸಂಸ್ಥಾನದಲ್ಲಿ 1863ರಲ್ಲಿ ಬಾಂಬೆ ಮಾದರಿಯ ಕಂದಾಯ ಸರ್ವೆ ಶುರುವಾಯಿತು. ಇಂದಿಗೂ ನಮ್ಮ ಸರ್ವೆ ನಂಬರ್, ಟಿಪ್ಪಣಿ, ಆಕಾರ್‌ಬಂದ್, ಗ್ರಾಮ ನಕ್ಷೆಗಳ ಬೇರು ಅಲ್ಲಿದೆ. ಮೂರನೆಯದು ಸರ್ವೆ ಆಫ್ ಇಂಡಿಯಾದ ಟೋಪೋಶೀಟ್. ಬೆಟ್ಟ, ಹಳ್ಳ, ರಸ್ತೆ, ಕೆರೆ ಎಲ್ಲವೂ ಇದರಲ್ಲಿದೆ, ಆದರೆ ಯಾರ ಜಮೀನಿನ ಗಡಿಯೂ ಇಲ್ಲ.

ಗ್ರಾಮ ನಕ್ಷೆಯಲ್ಲಿ ಮನೆ ಯಾಕಿಲ್ಲ?

ಕಂದಾಯ ಸರ್ವೆಯವರು ಅಳೆದದ್ದು ತೆರಿಗೆ ಬರುವ ಹೊಲವನ್ನು. 33 ಅಡಿಯ ಸರಪಳಿ ಹಿಡಿದು ಹೊಲ ಅಳೆದರು. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಸೇರಿದರೆ ಒಂದು ಗುಂಟೆ, ಅಂದರೆ 1,089 ಚದರ ಅಡಿ. ಆದರೆ ಊರಿನೊಳಗಿನ ಮನೆಗಳನ್ನು ಹೀಗೆ ಒಂದೊಂದಾಗಿ ಅಳೆಯಲಿಲ್ಲ. ಇಡೀ ಊರನ್ನು ‘ಗ್ರಾಮಠಾಣ’ ಎಂದು ಒಂದೇ ತುಂಡಾಗಿ ಬಿಟ್ಟರು. 2020ರಲ್ಲಿ ಶುರುವಾದ ಸ್ವಾಮಿತ್ವ ಯೋಜನೆಯಲ್ಲಿ ಹಳ್ಳಿಯ ಮನೆಗಳನ್ನು ಡ್ರೋನ್ ಹಾರಿಸಿ ಅಳೆಯಬೇಕಾಗಿ ಬಂದದ್ದು ಇದೇ ಕಾರಣಕ್ಕೆ.

ಹೀಗಾಗಿ ‘ಹಳೆಯ ನಕ್ಷೆಯಲ್ಲಿ ಈ ಕೇರಿ ಇಲ್ಲ’ ಎನ್ನುವುದು ಸಾಕ್ಷ್ಯವೇ ಅಲ್ಲ. ಆ ನಕ್ಷೆಯಲ್ಲಿ ಗೌಡರ ಮನೆಯೂ ಇಲ್ಲ, ಶಾನುಭೋಗರ ಮನೆಯೂ ಇಲ್ಲ. ಕೇಳದೇ ಇದ್ದ ಪ್ರಶ್ನೆಗೆ ನಕ್ಷೆ ಉತ್ತರ ಕೊಡುವುದಿಲ್ಲ.

‘ಖರಾಬು’ ಎಂಬ ಪದದ್ದೂ ಇದೇ ಕಥೆ. ಇದು ಕೆಟ್ಟುಹೋದ ಜಾಗ ಎಂಬ ಅರ್ಥದ್ದಲ್ಲ, ತೆರಿಗೆ ಲೆಕ್ಕಕ್ಕೆ ಬಾರದ ಜಾಗ ಎಂಬ ಅರ್ಥದ್ದು. ಸಾಗುವಳಿಗೆ ಬಾರದ್ದು ‘ಎ’ ಖರಾಬು. ದಾರಿ, ಹಳ್ಳ, ಕೆರೆಯಂತೆ ಸಾರ್ವಜನಿಕ ಬಳಕೆಯದ್ದು ‘ಬಿ’ ಖರಾಬು. ಎಲ್ಲರೂ ಬಳಸುವ ದಾರಿ ಕಾಗದದಲ್ಲಿ ಖರಾಬು ಆಗಿರುತ್ತದೆ. ಅದನ್ನು ಓದಿ “ಬೇಡವಾದ ಜಾಗ” ಎಂದುಕೊಂಡರೆ ಮೋಸ ಹೋದಂತೆಯೇ.

ಕೆರೆ ನಿಜವಾಗಿ ಕುಗ್ಗಿತೇ?

ಶಿರಾ ಕಡೆಯ ಒಂದು ಕೆರೆ ಎಂದುಕೊಳ್ಳೋಣ. ಎಡಕ್ಕೆ ಹಳೆಯ ಟೋಪೋಶೀಟ್, ಬಲಕ್ಕೆ ಫೋನಿನ ಉಪಗ್ರಹ ಚಿತ್ರ. ಎಡಕ್ಕೆ ನೀಲಿ, ಬಲಕ್ಕೆ ಬರೀ ಮಣ್ಣು. ಒತ್ತುವರಿ ಎನ್ನಬಹುದೇ?

ಮೊದಲು ನೋಡಬೇಕಾದ್ದು ತಿಂಗಳು. ಇದು ಮಳೆ ಕಡಿಮೆ ಬೀಳುವ ಸೀಮೆ. ಇಲ್ಲಿನ ಎಷ್ಟೋ ಕೆರೆಗಳು ಮಳೆಗಾಲದ ನಂತರ ತುಂಬಿ, ಬೇಸಿಗೆಗೆ ಒಣಗುತ್ತವೆ. ಏಪ್ರಿಲ್‌ನ ಚಿತ್ರದಲ್ಲಿ ನೀರಿಲ್ಲದಿದ್ದರೆ ಕೆರೆ ಹೋಯಿತು ಎಂದಲ್ಲ. ಟೋಪೋಶೀಟಿನಲ್ಲೂ ನೀರಿರುವ ಭಾಗಕ್ಕೆ ನೀಲಿ, ಒಣಗುವ ಕೆರೆ-ಹಳ್ಳಗಳಿಗೆ ಕಪ್ಪು ಗೆರೆ. ಹಾಗಾಗಿ ನೀಲಿಯನ್ನು ಬಿಟ್ಟು ಏರಿಯನ್ನು ಹುಡುಕಿ. ಏರಿ, ಕೋಡಿ, ಕೆರೆಗೆ ಬರುವ ಹಳ್ಳ ಬೇಸಿಗೆಯಲ್ಲೂ ಇದ್ದಲ್ಲೇ ಇರುತ್ತವೆ. ಎರಡೂ ಚಿತ್ರದಲ್ಲಿ ಅವನ್ನು ಹೋಲಿಸಬಹುದು.

ಎರಡನೆಯದು ಅಳತೆ. ಹಳೆಯ ಟೋಪೋಶೀಟಿನಲ್ಲಿ ಒಂದು ಅಂಗುಲ ಎಂದರೆ ನೆಲದಲ್ಲಿ ಒಂದು ಮೈಲಿ. ಅರ್ಧ ಮಿಲಿಮೀಟರ್ ದಪ್ಪದ ಗೆರೆಯೇ ನೆಲದಲ್ಲಿ ಸುಮಾರು 32 ಮೀಟರ್ ಆಗುತ್ತದೆ. ಎಂಟು ಅಂಗುಲಕ್ಕೆ ಒಂದು ಮೈಲಿಯ ಗ್ರಾಮ ನಕ್ಷೆಯಲ್ಲಿ ಅದೇ ಗೆರೆ ಸುಮಾರು 4 ಮೀಟರ್. ಹಾಗಾಗಿ ಅಲ್ಲಿ ಕೆರೆ ಇತ್ತು ಎಂಬುದಕ್ಕೆ ಟೋಪೋಶೀಟ್ ಒಳ್ಳೆಯ ಸಾಕ್ಷಿ. ಯಾರ ಬೇಲಿ ಎಷ್ಟು ಅಡಿ ಒಳಗೆ ಬಂದಿದೆ ಎಂಬುದಕ್ಕೆ ಅದು ಸಾಕ್ಷಿಯಲ್ಲ. ಅದಕ್ಕೆ ಗ್ರಾಮ ನಕ್ಷೆಯ ಜೊತೆ ಕೆರೆಯ ಸರ್ವೆ ನಂಬರ್, ಆಕಾರ್‌ಬಂದ್‌ನಲ್ಲಿರುವ ವಿಸ್ತೀರ್ಣ, ಟಿಪ್ಪಣಿಯ ಅಳತೆ ಬೇಕು. ಅಲ್ಲಿ ಬರೆದಿರುವುದು ಇಡೀ ಕೆರೆ ಅಂಗಳದ ಲೆಕ್ಕವೇ ಹೊರತು, ಒಂದು ವರ್ಷ ನಿಂತ ನೀರಿನದ್ದಲ್ಲ. ಕೊನೆಯ ಮಾತು ಸ್ಥಳದಲ್ಲಿ ನಡೆಯುವ ಸರ್ವೆಯದ್ದು. ದಿಶಾಂಕ್ ಆ್ಯಪ್ ಸರ್ವೆ ನಂಬರ್ ಗುರುತಿಸಲು ನೆರವಾಗುತ್ತದೆ, ಆದರೆ ಅದರ ಗೆರೆಯ ಮೇಲೆ ಬೇಲಿ ಹಾಕಲಾಗದು.

ಮೂರನೆಯದು ಇಸವಿ. ಟೋಪೋಶೀಟಿನ ಅಂಚಿನಲ್ಲಿ ಸರ್ವೆ ಮಾಡಿದ ವರ್ಷ ಬೇರೆ, ಮುದ್ರಿಸಿದ ವರ್ಷ ಬೇರೆ ಇರುತ್ತದೆ. ನೆಲದ ಸ್ಥಿತಿ ತಿಳಿಯಲು ಸರ್ವೆಯ ವರ್ಷವೇ ಮುಖ್ಯ. ಫಾರ್ವರ್ಡ್ ಫೋಟೊಗಳಲ್ಲಿ ಈ ಅಂಚನ್ನೇ ಕತ್ತರಿಸಿರುತ್ತಾರೆ. ಅಂಚಿಲ್ಲದ ನಕ್ಷೆಗೆ ವಯಸ್ಸೂ ಇಲ್ಲ, ಅಳತೆಯೂ ಇಲ್ಲ.

ಪಾವಗಡದ ಗಡಿ: 2-20 ಬೇರೆ, 2.20 ಬೇರೆ

ಪಾವಗಡ ತಾಲೂಕಿನ ಸುತ್ತ ಬಹುಪಾಲು ಆಂಧ್ರವೇ ಇದೆ. ಆಗ ಈ ಕಡೆ ಮೈಸೂರು ಸಂಸ್ಥಾನ, ಆ ಕಡೆ ಮದ್ರಾಸ್ ಪ್ರಾಂತ್ಯ. ಇಲ್ಲಿ ಎಕರೆಗೆ 40 ಗುಂಟೆ, ಅಲ್ಲಿ ಎಕರೆಗೆ 100 ಸೆಂಟ್ಸ್. ನಮ್ಮ ದಾಖಲೆಯ 2-20 ಎಂದರೆ 2 ಎಕರೆ 20 ಗುಂಟೆ, ಅಂದರೆ ಎರಡೂವರೆ ಎಕರೆ. ಅದನ್ನೇ 2.20 ಎಂದು ದಶಮಾಂಶವಾಗಿ ಓದಿದರೆ 12 ಗುಂಟೆ ಕಾಗದದ ಮೇಲೇ ಮಾಯವಾಗುತ್ತದೆ. “ಹಳೆಯ ದಾಖಲೆಗೂ ಹೊಸದಕ್ಕೂ ತಾಳೆಯಾಗುತ್ತಿಲ್ಲ” ಎನ್ನುವ ಮುಂಚೆ ಈ ಲೆಕ್ಕ ಒಮ್ಮೆ ಮಾಡಿ ನೋಡಿ.

ಗ್ರಾಮ ನಕ್ಷೆ ಗ್ರಾಮದ ಗಡಿಗೆ ನಿಲ್ಲುತ್ತದೆ, ಆಚೆ ಬಿಳಿ ಕಾಗದ. ಆದರೆ ಹಳ್ಳ ಗಡಿ ನೋಡಿ ಹರಿಯುವುದಿಲ್ಲ. ಕೆರೆಗೆ ನೀರು ಯಾಕೆ ಬರುತ್ತಿಲ್ಲ ಎಂದು ತಿಳಿಯಲು ಪಕ್ಕದ ಊರಿನ, ಕೆಲವೊಮ್ಮೆ ಪಕ್ಕದ ರಾಜ್ಯದ ನಕ್ಷೆಯನ್ನೂ ಜೋಡಿಸಬೇಕಾಗುತ್ತದೆ.

ಫಾರ್ವರ್ಡ್ ಮಾಡುವ ಮುಂಚೆ

ನಕ್ಷೆಯ ಫೋಟೊ ಬಂದರೆ ಅಂಚೂ ಸೇರಿದ ಪೂರ್ತಿ ಚಿತ್ರ ಕೇಳಿ. ಅದು ಸೈನ್ಯದ್ದೋ, ಕಂದಾಯದ್ದೋ, ಟೋಪೋಶೀಟೋ ನೋಡಿ. ಹೆಸರು ಸಿಗದಿದ್ದರೆ ಹಳೆಯ ರೂಪ ಹುಡುಕಿ: ಮಧುಗಿರಿ ಹಳೆಯ ಕಾಗದಗಳಲ್ಲಿ ‘ಮದ್ದಗಿರಿ’ ಎಂದೂ ಸಿಗುತ್ತದೆ. ಬಳಿಕ ಮೆಸೇಜಿನ ಮಾತನ್ನು ಎರಡು ಭಾಗ ಮಾಡಿ: ನಕ್ಷೆಯಲ್ಲಿ ‘ಇದೆ’ ಎನ್ನುವುದು ಮತ್ತು ‘ಇಲ್ಲ’ ಎನ್ನುವುದು. ‘ಇದೆ’ ಎನ್ನುವುದನ್ನು ಇನ್ನೊಂದು ದಾಖಲೆಯ ಜೊತೆ ತಾಳೆ ನೋಡಬಹುದು. ‘ಇಲ್ಲ’ ಎನ್ನುವುದನ್ನು ನಂಬಬೇಕಾದರೆ, ಆ ನಕ್ಷೆ ಬರೆದವರು ಅಂಥದ್ದನ್ನು ಗುರುತಿಸುತ್ತಿದ್ದರು ಎಂಬುದು ಮೊದಲು ಸಾಬೀತಾಗಬೇಕು. ಒಂದು ಕೇರಿಯ ಜನರನ್ನು ಹೊರಗಿನವರು ಎಂದು ಕರೆಯಲು ಹೊರಟ ಮೆಸೇಜ್ ಆದರೆ, ಅಷ್ಟು ಸಾಬೀತಾಗುವ ತನಕ ಅದು ನಿಮ್ಮ ಫೋನಿನಲ್ಲೇ ಇರಲಿ.