ಡಿವಿಡೆಂಡ್ ಅಂದ್ರೆ ಬಾಡಿಗೆ ಅಲ್ಲ

ರಾಜಾಜಿನಗರ, ಬಸವೇಶ್ವರನಗರ, ವಿಜಯನಗರದ ಕಡೆ ರಿಟೈರ್ ಆದವರ ಆದಾಯ ಅಂದ್ರೆ ಮೊದಲು ನೆನಪಾಗೋದು ಬಾಡಿಗೆ. ಮೂವತ್ತು-ನಲವತ್ತರ ಸೈಟು, ಕೆಳಗೆ ಓನರ್ರು, ಮೇಲೆ ಎರಡು ಮನೆ ಬಾಡಿಗೆಗೆ. ತಿಂಗಳ ಐದನೇ ತಾರೀಖಿನೊಳಗೆ ದುಡ್ಡು ಬರುತ್ತೆ, ಮನೆ ಮಾತ್ರ ಇದ್ದ ಹಾಗೇ ಇರುತ್ತೆ. ಅದೇ ಲೆಕ್ಕವನ್ನು ನಮ್ಮ ಹಿರಿಯರು ಷೇರಿಗೂ ಅನ್ವಯಿಸುತ್ತಾರೆ: "ಡಿವಿಡೆಂಡ್ ಕೊಡೋ ಷೇರು ತಗೊಂಡ್ರೆ ಬಾಡಿಗೆ ಬಂದ ಹಾಗೆ. ಗ್ರೋತ್ ಅಂದ್ರೆ ಪ್ರತಿ ತಿಂಗಳು ಒಂದೊಂದು ಇಟ್ಟಿಗೆ ಕಿತ್ತು ಮಾರಿದ ಹಾಗೆ."

ಕೇಳೋಕೆ ಚೆನ್ನಾಗಿದೆ, ಆದರೆ ತಪ್ಪು. ನಮಗೆ ಇದು ಯಾಕೆ ಬೇಕು ಅಂದ್ರೆ, ನಾವು ಡಿಗ್ರಿ ಮುಗಿಸೋ ಹೊತ್ತಿಗೆ ನಮ್ಮಲ್ಲಿ ಅನೇಕರ ಅಪ್ಪ-ಅಮ್ಮ ನಿವೃತ್ತಿಯ ಹತ್ತಿರ ಇರ್ತಾರೆ. ಫೋನಿನಲ್ಲಿ ಆ್ಯಪ್ ತೆಗೆದು ಯಾವ ಆಪ್ಷನ್ ಒತ್ತಬೇಕು ಅಂತ ಕೇಳೋದು ನಮ್ಮನ್ನೇ.

ಬಾಡಿಗೆ ಬಂದ ದಿನ ಮನೆಯ ಬೆಲೆ ಇಳಿಯಲ್ಲ. ಡಿವಿಡೆಂಡ್‌ನಲ್ಲಿ ಇಳಿಯುತ್ತೆ. ಕಂಪನಿಯ ಖಾತೆಯಲ್ಲಿದ್ದ ದುಡ್ಡು ಹೊರಗೆ ಹೋದ ಮೇಲೆ ಕಂಪನಿಯ ಬೆಲೆ ಅಷ್ಟು ಕಡಿಮೆ ಆಗಲೇಬೇಕಲ್ವಾ? ಎಕ್ಸ್-ಡಿವಿಡೆಂಡ್ ದಿನ ಷೇರಿನ ಬೆಲೆ ಹೆಚ್ಚುಕಮ್ಮಿ ಅಷ್ಟೇ ತಗ್ಗಿ ಶುರುವಾಗುತ್ತೆ. ಅವತ್ತಿನ ಪೇಟೆಯ ಏರಿಳಿತದಲ್ಲಿ ಅದು ಕಣ್ಣಿಗೆ ಬೀಳಲ್ಲ, ಅಷ್ಟೇ. ಮ್ಯೂಚುವಲ್ ಫಂಡ್‌ನಲ್ಲಿ ಇದು ಇನ್ನೂ ಸ್ಪಷ್ಟ. ಅಲ್ಲಿ 'ಡಿವಿಡೆಂಡ್' ಅನ್ನೋ ಹೆಸರೇ ಜನರ ದಾರಿ ತಪ್ಪಿಸುತ್ತೆ ಅಂತ ಸೆಬಿ 2021ರ ಏಪ್ರಿಲ್‌ನಿಂದ ಆ ಆಪ್ಷನ್‌ಗೆ ಐಡಿಸಿಡಬ್ಲ್ಯು ಅಂತ ಹೆಸರು ಬದಲಿಸಿತು. ನಿಮ್ಮ ಕೈಗೆ ಬರೋದರಲ್ಲಿ ನಿಮ್ಮದೇ ಬಂಡವಾಳವೂ ಸೇರಿರಬಹುದು ಅನ್ನೋದು ಆ ಹೆಸರಿನ ಅರ್ಥ.

ಲೆಕ್ಕ ಹಾಕಿಯೇ ನೋಡೋಣ. ವಿಜಯನಗರದ ಒಂದು ನಿವೃತ್ತ ದಂಪತಿ ಅಂದುಕೊಳ್ಳಿ. ಇಂಡೆಕ್ಸ್ ಫಂಡ್‌ನಲ್ಲಿ 40,000 ಯೂನಿಟ್ ಇದೆ. ಇವತ್ತಿನ ಎನ್ಎವಿ 100 ರೂಪಾಯಿ, ಅಂದ್ರೆ ಒಟ್ಟು 40 ಲಕ್ಷ. ಕೊಂಡಾಗ ಯೂನಿಟ್‌ಗೆ 80 ರೂಪಾಯಿ ಇತ್ತು. ಅವರಿಗೆ ತಿಂಗಳಿಗೆ 15,000, ಅಂದ್ರೆ ವರ್ಷಕ್ಕೆ 1.8 ಲಕ್ಷ ಬೇಕು.

ಫಂಡ್ ಯೂನಿಟ್‌ಗೆ 4.50 ರೂಪಾಯಿ ಹಂಚಿತು ಅಂತಿಟ್ಟುಕೊಳ್ಳಿ. ಕೈಗೆ 1.8 ಲಕ್ಷ ಬಂತು, ಎನ್ಎವಿ 95.50ಕ್ಕೆ ಇಳಿಯಿತು. ಉಳಿದದ್ದು 40,000 ಯೂನಿಟ್, ಬೆಲೆ 38.2 ಲಕ್ಷ. ಈಗ ಗ್ರೋತ್ ಆಪ್ಷನ್ ನೋಡಿ. 1,800 ಯೂನಿಟ್ ಮಾರಿದರು, ಕೈಗೆ 1.8 ಲಕ್ಷ ಬಂತು. ಉಳಿದದ್ದು 38,200 ಯೂನಿಟ್, ತಲಾ 100 ರೂಪಾಯಿ. ಅದೂ 38.2 ಲಕ್ಷವೇ. ಒಂದರಲ್ಲಿ ಇಟ್ಟಿಗೆಯ ಸಂಖ್ಯೆ ಕಡಿಮೆ ಆಯ್ತು, ಇನ್ನೊಂದರಲ್ಲಿ ಪ್ರತಿ ಇಟ್ಟಿಗೆಯೂ ಸ್ವಲ್ಪ ಸವೆಯಿತು. ಗೋಡೆ ಮಾತ್ರ ಅಷ್ಟೇ ಇದೆ.

ವ್ಯತ್ಯಾಸ ಬರೋದು ತೆರಿಗೆಯಲ್ಲಿ. 2020ರ ಏಪ್ರಿಲ್‌ನಿಂದ ಡಿವಿಡೆಂಡ್ ಪೂರ್ತಿಯಾಗಿ ಪಡೆದವರ ಆದಾಯಕ್ಕೆ ಸೇರಿ, ಅವರ ಸ್ಲ್ಯಾಬ್ ಪ್ರಕಾರ ತೆರಿಗೆ ಬೀಳುತ್ತೆ. ಮಾರಾಟದಲ್ಲಿ ಲೆಕ್ಕಕ್ಕೆ ಬರೋದು ಲಾಭ ಮಾತ್ರ. ಮೇಲಿನ ಉದಾಹರಣೆಯಲ್ಲಿ 1,800 ಯೂನಿಟ್‌ಗೆ ತಲಾ 20 ರೂಪಾಯಿಯಂತೆ 36,000. ಒಂದು ವರ್ಷಕ್ಕಿಂತ ಹೆಚ್ಚು ಇಟ್ಟುಕೊಂಡಿದ್ದರೆ ವರ್ಷಕ್ಕೆ 1.25 ಲಕ್ಷದವರೆಗಿನ ಲಾಭಕ್ಕೆ ತೆರಿಗೆ ಇಲ್ಲ, ಅದರ ಮೇಲಿನದಕ್ಕೆ ಶೇ. 12.5. ಹಾಗಾಗಿ ಇಲ್ಲಿ ತೆರಿಗೆ ಸೊನ್ನೆ. ಅದೇ ಯೂನಿಟ್‌ಗಳು ಶೇ. 30ರ ಸ್ಲ್ಯಾಬ್‌ನಲ್ಲಿರೋ ಮಗಳ ಹೆಸರಲ್ಲಿದ್ದು, ಆಕೆ ಡಿವಿಡೆಂಡ್ ಆಪ್ಷನ್ ಆರಿಸಿದ್ದರೆ? ಸೆಸ್ ಸೇರಿ 56,160 ರೂಪಾಯಿ ಹೋಗುತ್ತೆ.

ಆದರೆ ಇದನ್ನೇ ಎಲ್ಲರಿಗೂ ಹೇಳಬಾರದು. ಆ ದಂಪತಿಯಲ್ಲಿ ಯೂನಿಟ್‌ಗಳು ಯಾರ ಹೆಸರಲ್ಲಿವೆಯೋ ಅವರ ವರ್ಷದ ಆದಾಯ, ಪಿಂಚಣಿ-ಬಡ್ಡಿ-ಡಿವಿಡೆಂಡ್ ಎಲ್ಲ ಸೇರಿ 12 ಲಕ್ಷದೊಳಗಿದ್ದರೆ, 2025-26ರ ಹೊಸ ತೆರಿಗೆ ಪದ್ಧತಿಯಲ್ಲಿ ಡಿವಿಡೆಂಡ್‌ಗೂ ಅವರು ತೆರಿಗೆ ಕಟ್ಟಬೇಕಾಗಿಲ್ಲ. ಅಂಥವರಿಗೆ ತೆರಿಗೆಯ ಕಾರಣಕ್ಕೇ ಗ್ರೋತ್ ಒಳ್ಳೇದು ಅನ್ನೋ ವಾದ ನಿಲ್ಲಲ್ಲ.

ಹಾಗಿದ್ರೂ ನಾನು ಗ್ರೋತ್ ಪರ. ಕಾರಣ, ಡಿವಿಡೆಂಡ್‌ನ ಮೊತ್ತವನ್ನೂ ತಾರೀಖನ್ನೂ ತೀರ್ಮಾನ ಮಾಡೋದು ನಮ್ಮ ಮನೆ ಖರ್ಚಲ್ಲ, ಕಂಪನಿಯ ಆಡಳಿತ ಮಂಡಳಿ. ನಮ್ಮೂರಿನ ಇನ್ಫೋಸಿಸ್ ಚೆನ್ನಾಗಿ ಡಿವಿಡೆಂಡ್ ಕೊಡೋ ಕಂಪನಿ. 2024-25ಕ್ಕೆ ಅದು ಕೊಟ್ಟದ್ದು ಷೇರಿಗೆ 43 ರೂಪಾಯಿ, ಅದೂ ಎರಡು ಕಂತಿನಲ್ಲಿ. ವರ್ಷಕ್ಕೆ 1.8 ಲಕ್ಷ ಬೇಕಂದ್ರೆ ಸುಮಾರು 4,186 ಷೇರು ಇರಬೇಕು. ಷೇರಿಗೆ 1,500 ರೂಪಾಯಿ ಅಂತ ಹಿಡಿದರೂ 63 ಲಕ್ಷ ಬಂಡವಾಳ, ಎಲ್ಲಾ ಒಂದೇ ಕಂಪನಿಯಲ್ಲಿ. ಹಾಲಿನ ಬಿಲ್ಲು, ಕರೆಂಟ್ ಬಿಲ್ಲು ಮಾತ್ರ ತಿಂಗಳಿಗೊಂದು ಬರುತ್ತೆ.

ಬೇಕಾದಾಗಲೇ ಬರದೇ ಹೋಗೋದೂ ಉಂಟು. 2020ರ ಏಪ್ರಿಲ್ 17ರಂದು ರಿಸರ್ವ್ ಬ್ಯಾಂಕ್, 2019-20ರ ಲಾಭದಿಂದ ಇನ್ನು ಡಿವಿಡೆಂಡ್ ಕೊಡಬೇಡಿ ಅಂತ ಬ್ಯಾಂಕುಗಳಿಗೆ ಆದೇಶ ಮಾಡಿತು. ಬೆಂಗಳೂರಿನ ಕೆನರಾ ಬ್ಯಾಂಕಾಗಲಿ, ಮಂಗಳೂರಿನ ಕರ್ಣಾಟಕ ಬ್ಯಾಂಕಾಗಲಿ, ಯಾರಿಗೂ ವಿನಾಯಿತಿ ಇರಲಿಲ್ಲ. ಬ್ಯಾಂಕ್ ಷೇರುಗಳನ್ನೇ ನಂಬಿಕೊಂಡವರಿಗೆ ಲಾಕ್‌ಡೌನ್ ಹೊತ್ತಲ್ಲೇ ಆ 'ಬಾಡಿಗೆ' ನಿಂತುಹೋಯ್ತು.

ಇನ್ನು ಶೇ. 8 ಡಿವಿಡೆಂಡ್ ಇಳುವರಿ ಅಂತ ಆ್ಯಪ್ ತೋರಿಸಿದರೆ ಖುಷಿಪಡೋ ಮೊದಲು ಭಿನ್ನರಾಶಿಯ ಕೆಳಗಿನ ಸಂಖ್ಯೆ ನೋಡಿ. 200 ರೂಪಾಯಿ ಷೇರು 8 ರೂಪಾಯಿ ಕೊಟ್ಟಿದ್ದರೆ ಅದು ಶೇ. 4. ಷೇರು 100ಕ್ಕೆ ಬಿದ್ದರೆ ಅದೇ ಹಳೇ 8 ರೂಪಾಯಿ ಶೇ. 8 ಅಂತ ಕಾಣುತ್ತೆ. ಕಂಪನಿ ಕೆಟ್ಟಷ್ಟೂ ಈ ಸಂಖ್ಯೆ ಚೆಂದ ಕಾಣಿಸುತ್ತೆ.

ಗ್ರೋತ್‌ನಲ್ಲಿ ಅಪಾಯ ಇಲ್ವಾ? ಇದೆ, ಅದೂ ದೊಡ್ಡದು. ಪೇಟೆ ಬಿದ್ದಾಗ ಮಾರಬೇಕಾಗೋದು. 2020ರ ಜನವರಿಯಿಂದ ಮಾರ್ಚ್ 23ರ ಹೊತ್ತಿಗೆ ನಿಫ್ಟಿ ಸುಮಾರು ಶೇ. 38 ಕುಸಿಯಿತು. ನಮ್ಮ ಲೆಕ್ಕದಲ್ಲಿ ಎನ್ಎವಿ 62 ಆಯ್ತು ಅಂದುಕೊಳ್ಳಿ. ಅದೇ 15,000ಕ್ಕೆ ಮೊದಲು 150 ಯೂನಿಟ್ ಸಾಕಿತ್ತು, ಈಗ 242 ಮಾರಬೇಕು. ಹಾಗೆ ಮಾರಿದ ಯೂನಿಟ್ ಪೇಟೆ ಏರಿದಾಗ ವಾಪಸ್ ಬರಲ್ಲ. 2020ರಲ್ಲಿ ನಿಫ್ಟಿ ನವೆಂಬರ್‌ಗೇ ಹಳೇ ಎತ್ತರ ಮುಟ್ಟಿತು. ಆದರೆ 2008ರ ಜನವರಿಯ ಎತ್ತರ ಮತ್ತೆ ಕಂಡದ್ದು 2010ರ ನವೆಂಬರ್‌ನಲ್ಲಿ, ಹತ್ತಿರ ಹತ್ತಿರ ಮೂರು ವರ್ಷ ಆದಮೇಲೆ.

ಆದ್ದರಿಂದ ಫಂಡ್‌ನ ಹೊರಗೆ ಮೂರು ವರ್ಷದ ಖರ್ಚು, ಅಂದ್ರೆ 5.4 ಲಕ್ಷ, ಎಫ್‌ಡಿಯಲ್ಲಿ ಇರಲೇಬೇಕು. ಇದು ನೀರಿನ ಸಂಪ್ ಇದ್ದ ಹಾಗೆ. ಕಾವೇರಿ ನೀರು ಬರೋ ದಿನ ತುಂಬಿಸ್ಕೋತೀವಿ, ಬರದ ದಿನ ಅದರಿಂದ ಎತ್ಕೋತೀವಿ. ಪೇಟೆ ಸರಿಯಾಗಿದ್ದಾಗ ಎಸ್‌ಡಬ್ಲ್ಯುಪಿ ಹಾಕಿದರೆ ಪ್ರತಿ ತಿಂಗಳು ಗೊತ್ತಾದ ದಿನ 15,000 ಬ್ಯಾಂಕಿಗೆ ಬರುತ್ತೆ. ಜೋರಾಗಿ ಬಿದ್ದಾಗ ಅದನ್ನು ನಿಲ್ಲಿಸಿ ಎಫ್‌ಡಿ ಮುರಿಯಿರಿ. ಎಸ್‌ಡಬ್ಲ್ಯುಪಿ ಮೊದಲು ಕೊಂಡ ಯೂನಿಟ್‌ಗಳನ್ನೇ ಮೊದಲು ಮಾರುತ್ತೆ. ಆದ್ದರಿಂದ ದುಡ್ಡು ಹಾಕಿ ಒಂದು ವರ್ಷ ಆದಮೇಲೆ ಶುರು ಮಾಡಿದರೆ, ವರ್ಷದೊಳಗಿನ ಲಾಭದ ಮೇಲೆ ಬೀಳೋ ಶೇ. 20ರ ತೆರಿಗೆ ತಪ್ಪುತ್ತೆ.

ಡಿವಿಡೆಂಡ್‌ಗೆ ಒಂದು ನಿಜವಾದ ಗುಣ ಇದೆ, ಒಪ್ಪಿಕೊಳ್ತೀನಿ: ಮಾರೋ ಬಟನ್ ಒತ್ತಬೇಕಾಗಿಲ್ಲ, ಕೈ ನಡುಗಲ್ಲ. ಎಫ್‌ಡಿಯಲ್ಲಿ ಮೂರು ವರ್ಷದ ಖರ್ಚು ಇಡೋಕೆ ಆಗದವರಿಗೆ ಗ್ರೋತ್ ಫಂಡ್‌ನಿಂದ ತಿಂಗಳ ಖರ್ಚು ತೆಗೀರಿ ಅಂತ ನಾನು ಹೇಳಲ್ಲ. ಅವರ ಬಹುಪಾಲು ದುಡ್ಡು ಷೇರುಪೇಟೆಯಲ್ಲೇ ಇರಬಾರದು, ಡಿವಿಡೆಂಡ್ ಷೇರಿನಲ್ಲೂ ಇರಬಾರದು. ಮನೇಲಿ ಕೇಳಿದಾಗ ಮೊದಲು ಆ ಎಫ್‌ಡಿ ಎಷ್ಟಿದೆ ಅಂತ ಕೇಳಿ. ಆಪ್ಷನ್ ಒತ್ತೋದು ಆಮೇಲೆ.