ಊರು ಬಿಟ್ಟು ಹೊರಟ ಅಪ್ಪಾಜಿಗೆ ಒಂದು ಹಾಳೆ, ಒಂದು ಕೈಚೀಲ

"ಏನೇನು ಗುಳಿಗೆ ತಗೋತಾರೆ?" ಅಂತ ಪರ ಊರಿನ ಡಾಕ್ಟರು ಕೇಳಿದರೆ ಬಹಳ ಮನೆಗಳಲ್ಲಿ ಬರುವ ಉತ್ತರ ಒಂದೇ: "ಬೆಳಿಗ್ಗೆ ಒಂದು ಬಿಳೀದು, ರಾತ್ರಿ ಒಂದು ಗುಲಾಬಿದು." ಹರಿಹರ, ದಾವಣಗೆರೆಯೊಳಗೆ ಇರುವಾಗ ಇದು ನಡೆದುಹೋಗುತ್ತದೆ. ಮಾಮೂಲಿ ಡಾಕ್ಟರಿಗೂ ಮೆಡಿಕಲ್ ಶಾಪಿನವರಿಗೂ ಎಲ್ಲ ಗೊತ್ತಿರುತ್ತದೆ. ರೈಲು ಅರಸೀಕೆರೆ ದಾಟಿದ ಮೇಲೆ ಅಪ್ಪಾಜಿಗೆ ಎದೆ ಹಿಡಿದುಕೊಂಡರೆ ಹೇಳುವವರು ಯಾರು?

ಒಂದು ಉದಾಹರಣೆ ಹಿಡಿದು ನೋಡೋಣ. ಹರಿಹರದ 72 ವರ್ಷದ ಹಿರಿಯರೊಬ್ಬರು. ಸಕ್ಕರೆ ಕಾಯಿಲೆ ಇದೆ, ಹೃದಯಕ್ಕೆ ಸ್ಟೆಂಟ್ ಹಾಕಿದೆ. ಬೆಂಗಳೂರಿನ ಮಗಳ ಮನೆಯಲ್ಲಿ 15 ದಿನ ಇರಲು ಹೊರಟಿದ್ದಾರೆ.

ಮದ್ದು ಎಷ್ಟು ಬೇಕು?

15 ದಿನಕ್ಕೆ ಇನ್ನೊಂದು ವಾರ ಸೇರಿಸಿ, 22 ದಿನದ ಲೆಕ್ಕ ಹಾಕಿ. ಮೊಮ್ಮಕ್ಕಳು ಬಿಡದೆ ಇದ್ದರೆ ವಾಪಸ್ ಬರುವುದು ತಡವಾಗೇ ಆಗುತ್ತದೆ. ಮೆಟ್‌ಫಾರ್ಮಿನ್ ದಿನಕ್ಕೆ ಎರಡಾದರೆ 44, ಅಂದರೆ ಹತ್ತರ ಸ್ಟ್ರಿಪ್ ಐದು. ಇನ್ಸುಲಿನ್ ಬೆಳಿಗ್ಗೆ 18, ರಾತ್ರಿ 12 ಯೂನಿಟ್ ಆದರೆ ಒಟ್ಟು 660 ಯೂನಿಟ್. 40 ಯೂನಿಟ್‌ನ 10 ಎಂ.ಎಲ್. ಬಾಟಲಿಯಲ್ಲಿ ಇರುವುದು 400. ಹಾಗಾಗಿ ಎರಡು ಬಾಟಲಿ ಬೇಕು.

ಸಿರಿಂಜನ್ನೂ ಮನೆಯಿಂದಲೇ ಒಯ್ಯಿರಿ. ಈ ಬಾಟಲಿಗೆ ಕೆಂಪು ಮುಚ್ಚಳದ 40ರ ಸಿರಿಂಜೇ ಆಗಬೇಕು. ಅವಸರದಲ್ಲಿ 100ರ ಸಿರಿಂಜ್ ಕೊಂಡು 18ರ ಗೆರೆಗೆ ಎಳೆದರೆ ಮೈಗೆ ಹೋಗುವುದು ಏಳು ಯೂನಿಟ್ ಚಿಲ್ಲರೆ ಮಾತ್ರ. ಸಕ್ಕರೆ ಏರುತ್ತಾ ಹೋಗುತ್ತದೆ, ಮನೆಯವರು ಮಗಳ ಮನೆಯ ಹೋಳಿಗೆಯನ್ನು ಬೈಯುತ್ತಾ ಕೂರುತ್ತಾರೆ.

ಮದ್ದೆಲ್ಲ ಸೀಟಿನ ಪಕ್ಕದ ಕೈಚೀಲದಲ್ಲಿರಲಿ, ದೊಡ್ಡ ಸೂಟ್‌ಕೇಸಿನಲ್ಲಿ ಬೇಡ. ಸ್ಟ್ರಿಪ್ ಕತ್ತರಿಸಿದರೆ ಹೆಸರು, ಎಕ್ಸ್‌ಪೈರಿ ದಿನಾಂಕ ಹೋಗಿಬಿಡುತ್ತದೆ, ಇಡಿಯಾಗೇ ಇಡಿ. ಬೇಸಿಗೆಯಲ್ಲಿ ಕಾರಿನಲ್ಲಿ ಹೋಗುವುದಾದರೆ ಇನ್ಸುಲಿನ್ನನ್ನು ಡ್ಯಾಶ್‌ಬೋರ್ಡ್ ಮೇಲಾಗಲಿ ಡಿಕ್ಕಿಯಲ್ಲಾಗಲಿ ಇಡಬೇಡಿ. ಐಸಿಗೆ ನೇರವಾಗಿ ತಾಗಿಸಲೂಬೇಡಿ, ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬಾರದು. ಹಾಲಿನಂತೆ ಕಾಣುವ ಮಿಶ್ರ ಇನ್ಸುಲಿನ್ ಅಂಗೈಯಲ್ಲಿ ಉರುಳಿಸಿದ ಮೇಲೂ ಗಂಟುಗಂಟಾಗೇ ಉಳಿದರೆ, ಅದನ್ನು ಚುಚ್ಚಬೇಡಿ.

ಊಟ ಕೈಗೆ ಬರುವ ಮೊದಲೇ ಇನ್ಸುಲಿನ್ ತಗೊಂಡು, ರೈಲು ತಡವಾಗಿ ಊಟ ಸಿಗದಿದ್ದರೆ ಸಕ್ಕರೆ ಇಳಿಯುತ್ತದೆ. ಬೆವರು, ನಡುಕ, ತೊದಲು ಮಾತು ಕಂಡರೆ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿ, 15 ನಿಮಿಷ ಬಿಟ್ಟು ಗ್ಲುಕೋಮೀಟರಿನಲ್ಲಿ ನೋಡಿ. ಇನ್ನೂ ಕಡಿಮೆ ಇದ್ದರೆ ಮತ್ತೊಮ್ಮೆ ಕೊಡಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ.

ಯಾವ ರಿಪೋರ್ಟು?

ಹತ್ತು ವರ್ಷದ ಫೈಲ್ ಹೊರಬೇಕಿಲ್ಲ. ಸ್ಟೆಂಟ್ ಹಾಕಿದಾಗಿನ ಡಿಸ್ಚಾರ್ಜ್ ಸಮ್ಮರಿ, ಇತ್ತೀಚಿನ ಇಸಿಜಿ, ಕ್ರಿಯಾಟಿನಿನ್ ಮತ್ತು ಮೂರು ತಿಂಗಳ ಸರಾಸರಿ ಸಕ್ಕರೆಯ ರಿಪೋರ್ಟು, ಈಗಿನ ಚೀಟಿ. ಇಷ್ಟು ಸಾಕು. ಹಳೆಯ ಇಸಿಜಿ ಯಾಕೆ ಅಂದರೆ, ಇವತ್ತಿನ ಇಸಿಜಿಯಲ್ಲಿ ಕಾಣುವ ಬದಲಾವಣೆ ಹೊಸದೋ ಮೊದಲೇ ಇದ್ದದ್ದೋ ಅಂತ ಡಾಕ್ಟರಿಗೆ ಹೋಲಿಸಿ ನೋಡಲು ಅದು ಬೇಕು. ಕ್ರಿಯಾಟಿನಿನ್ ಕಿಡ್ನಿಯ ಸ್ಥಿತಿ ಹೇಳುತ್ತದೆ. ನೋವಿನ ಮಾತ್ರೆ ಕೊಡುವ ಮುಂಚೆ ಅದು ಗೊತ್ತಿರಬೇಕು.

ಆ ಒಂದು ಹಾಳೆ

ಹೊರಡುವ ವಾರ ಮಾಮೂಲಿ ಡಾಕ್ಟರ ಹತ್ತಿರ ಹೋಗಿ ಇದನ್ನು ಬರೆದುಕೊಳ್ಳಿ:

- ಹೆಸರು, ವಯಸ್ಸು, ಇರುವ ಕಾಯಿಲೆಗಳು, ಸ್ಟೆಂಟ್ ಹಾಕಿದ ತಿಂಗಳು, ವರ್ಷ.
- ಪ್ರತಿ ಮದ್ದಿನ ಜೆನೆರಿಕ್ ಹೆಸರು, ಎಷ್ಟು ಮಿ.ಗ್ರಾಂ., ಯಾವ ಹೊತ್ತಿಗೆ. ಬ್ರ್ಯಾಂಡ್ ಬೇರೆ ಊರಲ್ಲಿ ಸಿಗದಿದ್ದರೂ ಈ ಹೆಸರಿನಿಂದ ಅದೇ ಮದ್ದು ಸಿಗುತ್ತದೆ.
- ಒಗ್ಗದ ಮದ್ದು ಯಾವುದಾದರೂ ಇದ್ದರೆ ದಪ್ಪ ಅಕ್ಷರದಲ್ಲಿ.
- ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಇದ್ದರೆ, "ರಕ್ತ ಹೆಪ್ಪುಗಟ್ಟದ ಮದ್ದು ನಡೆಯುತ್ತಿದೆ" ಅಂತ. ಬಿದ್ದು ತಲೆಗೆ ಪೆಟ್ಟಾದರೆ ಡಾಕ್ಟರು ಮೊದಲು ಕೇಳುವ ವಿಷಯಗಳಲ್ಲಿ ಇದೊಂದು.
- ಮೂರು ನಂಬರ್: ಊರಿನ ಡಾಕ್ಟರ ಕ್ಲಿನಿಕ್ ಮತ್ತು ಅವರು ಸಿಗುವ ಹೊತ್ತು, ಮಗಳದ್ದು, ಮಗಳ ಮನೆ ಹತ್ತಿರದ ಆಸ್ಪತ್ರೆಯದ್ದು.
- ರೈಲಿನಲ್ಲಿ ತೊಂದರೆಯಾದರೆ 139 ಅಥವಾ ಟಿ.ಟಿ.ಇ., ರಸ್ತೆಯಲ್ಲಾದರೆ 108.

ಹಾಳೆಯ ಫೋಟೊ ನಿಮ್ಮ ಮೊಬೈಲಿನಲ್ಲಿ ಇದ್ದರೆ ಸಾಲದು. ನೀವು ಆಫೀಸ್ ಮೀಟಿಂಗಿನಲ್ಲಿರುತ್ತೀರಿ, ಅಪ್ಪಾಜಿ ರೈಲಿನಲ್ಲಿರುತ್ತಾರೆ. ಒಂದು ಪ್ರತಿ ಅವರ ಅಂಗಿ ಜೇಬಿನಲ್ಲಿ, ಇನ್ನೊಂದು ಕೈಚೀಲದಲ್ಲಿ ಇರಲಿ. ಡಾಕ್ಟರು ಮದ್ದು ಬದಲಿಸಿದ ದಿನವೇ ಹಳೇ ಹಾಳೆ ಹರಿದು ಹೊಸದು ಬರೆಯಿರಿ. ಹಳೇ ಡೋಸ್ ಬರೆದ ಹಾಳೆ ಜೇಬಿನಲ್ಲೇ ಉಳಿದರೆ, ಪರ ಊರಿನ ಡಾಕ್ಟರು ಅದನ್ನೇ ನಂಬುತ್ತಾರೆ.